ಒಂದೇ ರೂಮಿನಿಂದ ಇಬ್ಬರು ಮೀಟಿಂಗ್‌ಗೆ ಸೇರಿದರೆ ಕುಯ್ ಅನ್ನುತ್ತದೆ, ಒಂದು ಮೈಕ್ ಮ್ಯೂಟ್ ಮಾಡಿದರೂ ನಿಲ್ಲುತ್ತಿಲ್ಲ

ಲೆಕ್ಕದ ಪುಸ್ತಕ, ಹಾಸನ · ಸೋಮವಾರ, ಮಧ್ಯಾಹ್ನ 12.50

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಒಂದು ತೊಂದರೆ ಕಾಡುತ್ತಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಸಾಲಗಾಮೆ ರಸ್ತೆಯ ಹತ್ತಿರ ನಮ್ಮದೊಂದು ಸಣ್ಣ ಆಫೀಸ್. ಕಾಫಿ, ಮೆಣಸು ಬೆಳೆಯುವವರ ಲೆಕ್ಕಪತ್ರ ನೋಡುತ್ತೇವೆ. ಇರುವುದು ನಾನು ಮತ್ತು ನನ್ನ ಜೊತೆ ಕೆಲಸ ಮಾಡುವ ಇನ್ನೊಬ್ಬರು, ಇಬ್ಬರೇ. ಪ್ರತಿ ಸೋಮವಾರ ಬೆಳಗ್ಗೆ ಜೂಮ್‌ನಲ್ಲಿ ಬೆಂಗಳೂರಿನವರ ಜೊತೆ ಮೀಟಿಂಗ್ ಇರುತ್ತದೆ. ಇಬ್ಬರೂ ನಮ್ಮ ನಮ್ಮ ಹೆಸರಿನಲ್ಲೇ ಸೇರಬೇಕು, ಹಾಜರಿ ಹಾಗೇ ತೆಗೆದುಕೊಳ್ಳುತ್ತಾರೆ. ಹಾಗಾಗಿ ಒಂದೇ ಲ್ಯಾಪ್‌ಟಾಪ್ ಮುಂದೆ ಕೂರೋಣ ಅಂದರೆ ಆಗುವುದಿಲ್ಲ.

ರೂಮು 10 ಅಡಿಗೆ 12 ಅಡಿ. ನೆಲಕ್ಕೆ ಟೈಲ್ಸ್, ಒಂದೇ ಮೇಜು, ಎರಡು ಲ್ಯಾಪ್‌ಟಾಪ್. ಎರಡರ ಮಧ್ಯೆ ನಾಲ್ಕು ಅಡಿ ಇರಬಹುದು. ಇಬ್ಬರೂ ಮೈಕ್ ಆನ್ ಮಾಡಿದರೆ ಮೂರು ಸೆಕೆಂಡ್ ಒಳಗೆ ಕುಯ್ ಅಂತ ಕಿವಿ ಸೀಳುವ ಸದ್ದು. ಅದು ಯಾಕೆ ಅಂತ ನನಗೂ ಅಂದಾಜಿದೆ. ನನಗೆ ಅರ್ಥವಾಗದೇ ಇರುವುದು ಮುಂದಿನದು.

ನನ್ನ ಲ್ಯಾಪ್‌ಟಾಪಿನ ಮೈಕ್ ಚೆನ್ನಾಗಿದೆ, ಸ್ಪೀಕರ್ ತುಂಬಾ ಸಣ್ಣದು. ಅವರ ಲ್ಯಾಪ್‌ಟಾಪಿನ ಸ್ಪೀಕರ್ ಜೋರಾಗಿದೆ, ಮೈಕ್ ಗರಗರ ಅನ್ನುತ್ತದೆ. ಹಾಗಾಗಿ ನನ್ನ ಮೈಕ್ ಆನ್ ಇಟ್ಟು ಸ್ಪೀಕರ್ ಸೊನ್ನೆಗೆ ಇಳಿಸಿದೆ. ಅವರದು ಮೈಕ್ ಮ್ಯೂಟ್, ಸ್ಪೀಕರ್ ಆನ್. ಅಂದರೆ ರೂಮಿನಲ್ಲಿ ಕೆಲಸ ಮಾಡುತ್ತಿರುವುದು ಒಂದೇ ಮೈಕ್, ಒಂದೇ ಸ್ಪೀಕರ್. ಆದರೂ ಬೆಂಗಳೂರಿನವರಿಗೆ ಅವರ ಮಾತೇ ತಿರುಗಿ ಕೇಳಿಸುತ್ತದೆ. ನಾನು ಮಾತಾಡಿದರೆ "ಹಲೋ ಹಲೋ ಹಲೋ" ಅಂತ ಮೂರ್ನಾಲ್ಕು ಸಲ ಬಂದು ಕೊನೆಗೆ ಮತ್ತೆ ಅದೇ ಕುಯ್. ಇವತ್ತು ತಿಂಗಳ ಬಾಕಿ ಪಟ್ಟಿ ಓದುವಾಗ ಹೀಗಾಯಿತು. ಅರ್ಧಕ್ಕೆ ನಿಲ್ಲಿಸಿ ಪಟ್ಟಿಯನ್ನು ಚಾಟ್‌ನಲ್ಲಿ ಹಾಕಬೇಕಾಯಿತು. ಬಹಳ ಬೇಜಾರಾಯಿತು.

ಒಂದೇ ಮೈಕ್, ಒಂದೇ ಸ್ಪೀಕರ್ ಇದ್ದರೂ ಯಾಕೆ ಹೀಗೆ?

---

ಮೂಡಿಗೆರೆ ಮಳೆ · ಸೋಮವಾರ, ಮಧ್ಯಾಹ್ನ 1.15

ನೆಟ್ ಸ್ಲೋ ಇರಬೇಕು ಮೇಡಂ. ನಮ್ಮ ತೋಟದ ಮನೆಯಲ್ಲಿ ಮಳೆ ಶುರುವಾದರೆ ಸಿಗ್ನಲ್ ಒಂದು ಕಡ್ಡಿಗೆ ಬರುತ್ತದೆ. ಆಗ ಮಾತು ತುಂಡು ತುಂಡಾಗಿ, ಒಂದೇ ಪದ ಎರಡೆರಡು ಸಲ ಕೇಳಿಸುತ್ತದೆ. ಹಂಚಿನ ಮೇಲೆ ಮಳೆ ಸದ್ದು ಬೇರೆ. ನಾನು ಮೊಬೈಲನ್ನು ಜಗಲಿಯ ಕಿಟಕಿ ಹತ್ತಿರ ಇಟ್ಟು ಹಾಟ್‌ಸ್ಪಾಟ್ ಮಾಡಿಕೊಂಡ ಮೇಲೆ ಸರಿಯಾಯಿತು. ನೀವೂ ಮೊದಲು ಸ್ಪೀಡ್ ನೋಡಿ.

---

ಲೆಕ್ಕದ ಪುಸ್ತಕ, ಹಾಸನ · ಸೋಮವಾರ, ಮಧ್ಯಾಹ್ನ 1.32

ನಮ್ಮದು ಫೈಬರ್ ಲೈನ್ ಸರ್. ನಾನೊಬ್ಬಳೇ ಸೇರಿದ ದಿನ ಏನೂ ತೊಂದರೆ ಇರುವುದಿಲ್ಲ. ಅವರೂ ಸೇರಿದ ಕೂಡಲೇ ಶುರು.

---

ಮೈಕ್‌ಸೆಟ್, ಅರಸೀಕೆರೆ · ಸೋಮವಾರ, ಮಧ್ಯಾಹ್ನ 3.05

ತಂಗಿ, ಇದು ನೆಟ್ ಸಮಸ್ಯೆ ಅಲ್ಲ, ಫೀಡ್‌ಬ್ಯಾಕ್. ಜಾತ್ರೆ, ಮದುವೆ, ಹರಿಕಥೆಗೆ ಮೈಕ್‌ಸೆಟ್ ಹಾಕುತ್ತಾ ನನಗೆ ಇಪ್ಪತ್ತೈದು ವರ್ಷ ಆಯಿತು. ಮೈಕಿಗೆ ಹೋದ ಸದ್ದು ಸ್ಪೀಕರ್‌ನಲ್ಲಿ ಬರುತ್ತದೆ. ಸ್ಪೀಕರ್‌ನ ಸದ್ದು ಮತ್ತೆ ಮೈಕಿಗೆ ಹೋಗುತ್ತದೆ. ಒಂದು ಸುತ್ತು ಮುಗಿಯುವಾಗ ಸದ್ದು ಮೊದಲಿಗಿಂತ ಸ್ವಲ್ಪ ಜಾಸ್ತಿ ಆಗಿದ್ದರೆ ಸಾಕು, ಬೆಳೆದು ಬೆಳೆದು ಕುಯ್ ಅನ್ನುತ್ತದೆ. ಸ್ವಲ್ಪ ಕಡಿಮೆ ಆಗಿದ್ದರೆ ತಾನೇ ಸತ್ತುಹೋಗುತ್ತದೆ.

ಮೂರು ಕೆಲಸ ಮಾಡು. ಸ್ಪೀಕರ್ ವಾಲ್ಯೂಮ್ ಅರ್ಧಕ್ಕೆ ಇಳಿಸು. ಸ್ಪೀಕರ್ ಇರುವ ಲ್ಯಾಪ್‌ಟಾಪ್‌ನ ಮುಖ ಬೇರೆ ಕಡೆ ತಿರುಗಿಸು. ಎರಡರ ನಡುವೆ ಎಷ್ಟಾಗುತ್ತದೋ ಅಷ್ಟು ದೂರ ಇಡು. ನಾವು ಸ್ಟೇಜ್‌ನಲ್ಲಿ ಸ್ಪೀಕರ್ ಬಾಕ್ಸನ್ನು ಯಾವತ್ತೂ ಮೈಕಿನ ಮುಂದಕ್ಕೇ ಇಡುತ್ತೇವೆ, ಮೈಕಿನ ಹಿಂದೆ ಇಡುವುದೇ ಇಲ್ಲ.

---

ಬೇಲೂರು ಮೇಷ್ಟ್ರು · ಸೋಮವಾರ, ಸಂಜೆ 5.40

ಟೀಚರ್ಸ್ ಟ್ರೇನಿಂಗ್ ಮೀಟಿಂಗ್‌ನಲ್ಲಿ ನನಗೂ ಹೀಗೇ ಆಗಿತ್ತು. ಅರ್ಧ ಗಂಟೆ ಹುಡುಕಿದೆವು. ಕೊನೆಗೆ ನೋಡಿದರೆ ನನ್ನ ಮೊಬೈಲ್ ಕೂಡ ಅದೇ ಮೀಟಿಂಗ್‌ನಲ್ಲಿ ಇತ್ತು. ಬೆಳಗ್ಗೆ ಲಿಂಕ್ ಕೆಲಸ ಮಾಡುತ್ತದೆಯಾ ಅಂತ ಮೊಬೈಲ್‌ನಲ್ಲಿ ಒತ್ತಿ ನೋಡಿದ್ದೆ, ಹೊರಗೆ ಬಂದಿರಲಿಲ್ಲ. ಜುಬ್ಬದ ಜೇಬಿನಲ್ಲಿ ಸಣ್ಣಗೆ ಮಾತಾಡುತ್ತಲೇ ಇತ್ತು. ಸೇರಿದವರ ಪಟ್ಟಿಯಲ್ಲಿ ನಿಮ್ಮ ಹೆಸರು ಎರಡು ಸಲ ಇದೆಯಾ ಅಂತ ಒಮ್ಮೆ ನೋಡಿ ಮೇಡಂ.

ಇನ್ನೊಂದು ವಿಷಯ. `zoom.us/test` ಅಂತ ಒಂದು ಪುಟ ಇದೆ. ಅಲ್ಲಿ ಮೈಕ್, ಸ್ಪೀಕರ್ ಎರಡನ್ನೂ ಪರೀಕ್ಷೆ ಮಾಡಬಹುದು.

---

ಲೆಕ್ಕದ ಪುಸ್ತಕ, ಹಾಸನ · ಸೋಮವಾರ, ರಾತ್ರಿ 8.20

ಮೇಷ್ಟ್ರೇ, ಪಟ್ಟಿ ನೋಡಿದೆ. ಎರಡೇ ಹೆಸರು ಇದೆ, ಮೂರನೆಯದು ಇಲ್ಲ. ಟೆಸ್ಟ್ ಪುಟದಲ್ಲಿ ಎರಡೂ ಲ್ಯಾಪ್‌ಟಾಪ್ ಚೆನ್ನಾಗಿಯೇ ಬಂತು.

ಅಣ್ಣ, ನೀವು ಹೇಳಿದ ಹಾಗೆ ಮಾಡಿದೆವು. ಅವರ ಲ್ಯಾಪ್‌ಟಾಪ್‌ನ ವಾಲ್ಯೂಮ್ 100ರಿಂದ 40ಕ್ಕೆ ಇಳಿಸಿ, ಮೇಜಿನಿಂದ ಎತ್ತಿ ಬೀರುವಿನ ಪಕ್ಕದ ಸ್ಟೂಲ್ ಮೇಲೆ ಇಟ್ಟೆವು. ಕುಯ್ ಅನ್ನುವುದು ನಿಂತಿತು, ತುಂಬಾ ಥ್ಯಾಂಕ್ಸ್. ಆದರೆ ಅರಸೀಕೆರೆಯಲ್ಲಿರುವ ನನ್ನ ಅಕ್ಕನನ್ನು ಸೇರಿಸಿ ಕೇಳಿದೆ. ಅವಳ ಮಾತು ಅವಳಿಗೇ ತಿರುಗಿ ಬರುವುದು ಹಾಗೇ ಇದೆ, ಸ್ವಲ್ಪ ಮೆತ್ತಗಾಗಿದೆ ಅಷ್ಟೆ. ನಮಗೋ 40ರಲ್ಲಿ ಫ್ಯಾನ್ ಸದ್ದಿನ ಮಧ್ಯೆ ಸರಿಯಾಗಿ ಕೇಳಿಸುವುದಿಲ್ಲ.

---

ವೈರ್ ಕೆಲಸ, ಚಿಕ್ಕಮಗಳೂರು · ಸೋಮವಾರ, ರಾತ್ರಿ 9.45

ನಾನು ಒಂದು ಕಾಲೇಜಿನಲ್ಲಿ ವಿಡಿಯೋ ಕಾನ್ಫರೆನ್ಸ್ ರೂಮುಗಳನ್ನು ನೋಡಿಕೊಳ್ಳುತ್ತೇನೆ. ಈ ತೊಂದರೆ ವಾರಕ್ಕೆ ಒಂದು ಸಲವಾದರೂ ಬರುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೇಡಂ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಮೈಕ್ ಒಂದೇ, ಸ್ಪೀಕರ್ ಒಂದೇ, ಸರಿ. ಆದರೆ ಮೈಕ್ ನಿಮ್ಮ ಲ್ಯಾಪ್‌ಟಾಪಿನದು, ಸ್ಪೀಕರ್ ಅವರದು. ಇರಬಾರದ ಜೋಡಿ ಅದೇ.

ನೀವೊಬ್ಬರೇ ಸೇರಿದಾಗ ಯಾಕೆ ತೊಂದರೆ ಇಲ್ಲ? ಆಗಲೂ ನಿಮ್ಮ ಸ್ಪೀಕರ್‌ನ ಸದ್ದು ನಿಮ್ಮ ಮೈಕಿಗೆ ಬೀಳುತ್ತಿರುತ್ತದೆ. ಇಯರ್‌ಫೋನ್ ಇಲ್ಲದೆ ಮಾತಾಡುವ ಎಲ್ಲರಿಗೂ ಬೀಳುತ್ತದೆ. ಆದರೂ ಎದುರಿನವರಿಗೆ ಕೇಳಿಸುವುದಿಲ್ಲ, ಯಾಕೆಂದರೆ ಜೂಮ್ ಒಳಗೆ ಅದನ್ನು ಕಳೆಯುವ ಒಂದು ಕೆಲಸ ಸದಾ ನಡೆಯುತ್ತಿರುತ್ತದೆ. ತಾನು ಸ್ಪೀಕರ್‌ಗೆ ಏನು ಕಳಿಸಿದೆ ಅನ್ನುವುದು ಅದಕ್ಕೆ ಗೊತ್ತು. ಮೈಕಿಗೆ ಬಂದ ಸದ್ದಿನಲ್ಲಿ ಅದನ್ನೇ ಹೋಲುವ ಭಾಗವನ್ನು ಹುಡುಕಿ ಕಳೆದುಬಿಡುತ್ತದೆ. ಉಳಿದದ್ದು, ಅಂದರೆ ನಿಮ್ಮ ಮಾತು ಮಾತ್ರ, ಹೊರಗೆ ಹೋಗುತ್ತದೆ. ಲೆಕ್ಕದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೊಟ್ಟದ್ದು ಎಷ್ಟು ಅಂತ ಪುಸ್ತಕದಲ್ಲಿ ಬರೆದಿದ್ದರೆ ಮಾತ್ರ ಬಂದದ್ದರಲ್ಲಿ ಕಳೆಯಬಹುದು.

ಈಗ ಎರಡು ಲ್ಯಾಪ್‌ಟಾಪ್ ಬಂತು. ಅವರ ಸ್ಪೀಕರ್ ಏನು ನುಡಿಯಿತು ಅನ್ನುವುದು ನಿಮ್ಮ ಲ್ಯಾಪ್‌ಟಾಪಿನ ಪುಸ್ತಕದಲ್ಲಿ ಇಲ್ಲ. ಹಾಗಾಗಿ ಆ ಸದ್ದು ನಿಮ್ಮ ಮೈಕಿಗೆ ಬಂದಾಗ, ರೂಮಿನಲ್ಲಿ ಇನ್ಯಾರೋ ಮಾತಾಡಿದರು ಅಂದುಕೊಂಡು ಹಾಗೇ ಕಳಿಸಿಬಿಡುತ್ತದೆ. ಬೆಂಗಳೂರಿನವರ ಮಾತು ಅವರಿಗೇ ತಿರುಗಿ ಹೋಗುವುದು ಹೀಗೆ.

ನಿಮ್ಮ "ಹಲೋ ಹಲೋ" ಕೂಡ ಇದೇ ದಾರಿ. ಮೀಟಿಂಗ್‌ನ ಸರ್ವರ್ ನಿಮ್ಮ ದನಿಯನ್ನು ನಿಮಗೆ ತಿರುಗಿ ಕಳಿಸುವುದಿಲ್ಲ, ಉಳಿದ ಎಲ್ಲರಿಗೂ ಕಳಿಸುತ್ತದೆ. ಪಕ್ಕದಲ್ಲಿ ಕೂತವರೂ ಅದರ ಲೆಕ್ಕದಲ್ಲಿ ಉಳಿದವರೇ. ನಿಮ್ಮ ಹಲೋ ಸರ್ವರ್‌ಗೆ ಹೋಗಿ, ಅವರ ಸ್ಪೀಕರ್‌ನಲ್ಲಿ ಬಂದು, ನಿಮ್ಮ ಮೈಕಿಗೆ ಬಿದ್ದು, ಮತ್ತೆ ಸರ್ವರ್‌ಗೆ ಹೋಗುತ್ತದೆ. ಅವರ ಮೈಕನ್ನು ಮ್ಯೂಟ್ ಮಾಡಿದ್ದರಿಂದ ಈ ದಾರಿಯಲ್ಲಿ ಏನೂ ಮುಚ್ಚಲಿಲ್ಲ. ಮ್ಯೂಟ್ ಅಂದರೆ ಮೈಕ್ ಮಾತ್ರ ಮುಚ್ಚುತ್ತದೆ, ಸ್ಪೀಕರ್ ತೆರೆದೇ ಇರುತ್ತದೆ. "ನಾನು ಮ್ಯೂಟ್‌ನಲ್ಲಿ ಇದ್ದೇನೆ, ನನ್ನಿಂದ ಅಲ್ಲ" ಅಂತ ಎಲ್ಲರೂ ಹೇಳುವುದು ಇಲ್ಲೇ ತಪ್ಪಾಗುತ್ತದೆ.

ಮೈಕ್‌ಸೆಟ್ ಅಣ್ಣ ಹೇಳಿದ ಸುತ್ತಿನ ಮಾತು ಸರಿಯಾಗಿದೆ. ಒಂದು ವ್ಯತ್ಯಾಸ ಮಾತ್ರ ಇದೆ. ಸ್ಟೇಜ್‌ನಲ್ಲಿ ಸದ್ದು ಸುತ್ತಿ ಬರಲು ಹಿಡಿಯುವುದು ಕೆಲವೇ ಮಿಲಿಸೆಕೆಂಡ್, ಸುಮಾರು ಅಡಿಗೆ ಒಂದು ಅಂತ ಲೆಕ್ಕ. ಅದಕ್ಕೇ ಅಲ್ಲಿ ನೇರವಾಗಿ ಕುಯ್ ಅನ್ನುತ್ತದೆ. ಇಲ್ಲಿ ಸದ್ದು ಇಂಟರ್ನೆಟ್ ಸುತ್ತಿ ಬರಬೇಕು, ಕಾಲು ಸೆಕೆಂಡ್, ಕೆಲವು ಸಲ ಅದಕ್ಕೂ ಜಾಸ್ತಿ ಬೇಕು. ಅದಕ್ಕೇ ಮೊದಲು ಮಾತು ಪೂರ್ತಿ ಪದವಾಗಿ ಮೂರ್ನಾಲ್ಕು ಸಲ ಬರುತ್ತದೆ, ಆಮೇಲೆ ಕುಯ್ ಆಗುತ್ತದೆ. ಕಿವಿಯಿಂದಲೇ ಗುರುತು ಹಿಡಿಯಬಹುದು. ಪದ ಪದವೇ ಮರಳಿ ಬರುತ್ತಿದೆ ಅಂದರೆ ಸುತ್ತು ನೆಟ್ ಮೂಲಕ ಆಗುತ್ತಿದೆ, ಎರಡನೇ ಯಂತ್ರ ಒಂದು ಇದೆ ಅಂತ ಅರ್ಥ.

ಮಾಡಬೇಕಾದದ್ದು ಇಷ್ಟು. ಅವರ ಲ್ಯಾಪ್‌ಟಾಪ್‌ನಲ್ಲಿ ಮೈಕ್ ಬಟನ್ ಪಕ್ಕದ ಸಣ್ಣ ಬಾಣ ಒತ್ತಿ. ಅಲ್ಲಿ `Leave Computer Audio` ಅಂತ ಇರುತ್ತದೆ, ಅದನ್ನು ಒತ್ತಿ. ಮೈಕ್, ಸ್ಪೀಕರ್ ಎರಡೂ ಒಟ್ಟಿಗೆ ಮೀಟಿಂಗ್‌ನಿಂದ ಕಳಚಿಕೊಳ್ಳುತ್ತವೆ. ಅವರ ಹೆಸರು, ಮುಖ, ಚಾಟ್, ಸ್ಕ್ರೀನ್ ತೋರಿಸುವುದು ಎಲ್ಲ ಹಾಗೇ ಇರುತ್ತದೆ. ಹಾಜರಿಗೆ ಏನೂ ಆಗುವುದಿಲ್ಲ. ಜೂಮ್‌ನ ಹಾಜರಿ ವರದಿಯಲ್ಲಿ ಬರುವುದು ಸೇರಿದ ಹೊತ್ತು, ಬಿಟ್ಟ ಹೊತ್ತು. ಮೊಬೈಲ್‌ನಲ್ಲಿ ಸೇರಿದ್ದರೆ `More` ಒಳಗೆ `Disconnect Audio` ಅಂತ ಸಿಗುತ್ತದೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮೈಕ್, ಸ್ಪೀಕರ್ ಎರಡೂ ಆನ್ ಇರಲಿ. ಸ್ಪೀಕರ್ ಸಣ್ಣದು ಅಂತ ಹೇಳಿದಿರಿ. ಅದಕ್ಕೆ ವೈರ್ ಇರುವ ಒಂದು ಸಾಧಾರಣ ಸ್ಪೀಕರನ್ನು ನಿಮ್ಮ ಲ್ಯಾಪ್‌ಟಾಪಿಗೇ ಚುಚ್ಚಿ. ಅದು ನುಡಿಯುವುದು ನಿಮ್ಮ ಲ್ಯಾಪ್‌ಟಾಪಿನ ಲೆಕ್ಕಕ್ಕೇ ಬರುತ್ತದೆ.

ಮೇಷ್ಟ್ರೇ, ಟೆಸ್ಟ್ ಪುಟದಲ್ಲಿ ಈ ತೊಂದರೆ ಗೊತ್ತಾಗುವುದಿಲ್ಲ. ಅಲ್ಲಿ ನೀವೊಬ್ಬರೇ ಇರುತ್ತೀರಿ. ಹೊರಗಿನವರು ಒಬ್ಬರು ಕೇಳಿ ಹೇಳಬೇಕು. ಮೇಡಂ ಅಕ್ಕನನ್ನು ಸೇರಿಸಿದ್ದು ಸರಿಯಾದ ಕೆಲಸ.

---

ಮೈಕ್‌ಸೆಟ್, ಅರಸೀಕೆರೆ · ಸೋಮವಾರ, ರಾತ್ರಿ 10.10

ಒಪ್ಪಿದೆ. ಮಿಕ್ಸರ್‌ನಲ್ಲಿ ಈ ಕಳೆಯುವ ಲೆಕ್ಕ ಇರುವುದಿಲ್ಲ, ಅದಕ್ಕೇ ನಮಗೆ ವಾಲ್ಯೂಮ್, ದಿಕ್ಕು, ದೂರ ಇವೇ ಆಧಾರ. ಆದರೆ ದೂರ ಇಟ್ಟರೂ ಆ ಅಕ್ಕನಿಗೆ ಸ್ವಲ್ಪ ಮಾತ್ರ ಕಡಿಮೆ ಆಯಿತಲ್ಲ, ಅದಕ್ಕೆ ಆ ಟೈಲ್ಸ್ ಕಾರಣ ಅಂತ ನನಗೆ ಅನಿಸುತ್ತದೆ. ಬಯಲಿನಲ್ಲಿ ದೂರ ಎರಡರಷ್ಟು ಮಾಡಿದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಗೋಡೆ ಹತ್ತಿರ ಇರುವ ಖಾಲಿ ರೂಮಿನಲ್ಲಿ ಅಷ್ಟು ಇಳಿಯುವುದಿಲ್ಲ. ಕಲ್ಯಾಣ ಮಂಟಪಗಳಲ್ಲಿ ನಮಗೆ ಇದೇ ಕಷ್ಟ.

ಒಂದು ಅನುಮಾನ ಇದೆ. ವೈರ್ ಯಾಕೆ, ಬ್ಲೂಟೂತ್ ಸ್ಪೀಕರ್ ಆಗುವುದಿಲ್ಲವಾ? ಈಗ ಎಲ್ಲರ ಮನೆಯಲ್ಲೂ ಒಂದು ಇರುತ್ತದೆ.

---

ವೈರ್ ಕೆಲಸ, ಚಿಕ್ಕಮಗಳೂರು · ಸೋಮವಾರ, ರಾತ್ರಿ 10.30

ಆಗಬಹುದು, ಆದರೆ ನಾನು ಬೇಡ ಅನ್ನುತ್ತೇನೆ. ಬ್ಲೂಟೂತ್‌ನಲ್ಲಿ ಸದ್ದು ಹೊರಡಲು 100, 200 ಮಿಲಿಸೆಕೆಂಡ್ ತಡವಾಗುತ್ತದೆ. ಆ ತಡ ಒಂದೇ ಸಮ ಇರುವುದೂ ಇಲ್ಲ. ಕಳಿಸಿದ್ದು ಯಾವಾಗ ತಿರುಗಿ ಬರುತ್ತದೆ ಅನ್ನುವ ಅಂದಾಜು ತಪ್ಪಿದರೆ ಕಳೆಯುವ ಲೆಕ್ಕವೂ ತಪ್ಪುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳು ಹೊಂದಿಸಿಕೊಳ್ಳುತ್ತವೆ, ಕೆಲವದರಲ್ಲಿ ಎದುರಿನವರಿಗೆ ಅವರ ಮಾತಿನ ಬಾಲ ಕೇಳಿಸುತ್ತಾ ಇರುತ್ತದೆ. ವೈರ್‌ನಲ್ಲಿ ಈ ತಲೆನೋವು ಇಲ್ಲ.

---

ಸರಳೆ ವರಸೆ, ಚಿಕ್ಕಮಗಳೂರು · ಮಂಗಳವಾರ, ಬೆಳಗ್ಗೆ 6.50

ಈ ಚರ್ಚೆ ನೋಡಿ ನನ್ನದೂ ಕೇಳೋಣ ಅನಿಸಿತು. ನಾನು ಸಂಗೀತ ಪಾಠ ಹೇಳುತ್ತೇನೆ. ಹೊರದೇಶದಲ್ಲಿ ಇಬ್ಬರು ಮಕ್ಕಳು ಜೂಮ್‌ನಲ್ಲಿ ಕಲಿಯುತ್ತಾರೆ. ನಮ್ಮ ಮನೆಯಲ್ಲಿ ಒಂದೇ ಲ್ಯಾಪ್‌ಟಾಪ್, ಎರಡನೆಯದು ಇಲ್ಲವೇ ಇಲ್ಲ. ಆದರೂ ಆ ಮಕ್ಕಳು ಹಾಡಿದರೆ ಅವರ ಹಾಡೇ ಅವರಿಗೆ ತಿರುಗಿ ಕೇಳಿಸುತ್ತದಂತೆ. ತಾಳ ತಪ್ಪಿಹೋಗುತ್ತಾರೆ. ಒಂದು ಯಂತ್ರ ಇದ್ದರೆ ಕಳೆಯುತ್ತದೆ ಅಂದಿರಲ್ಲ, ನನಗೆ ಯಾಕೆ ಕಳೆಯುತ್ತಿಲ್ಲ?

---

ವೈರ್ ಕೆಲಸ, ಚಿಕ್ಕಮಗಳೂರು · ಮಂಗಳವಾರ, ಬೆಳಗ್ಗೆ 9.15

ಅಮ್ಮ, ನಿಮ್ಮ ಜೂಮ್ ಕಿಟಕಿಯ ಮೇಲಿನ ಮೂಲೆಯಲ್ಲಿ `Original sound for musicians` ಅಂತ ಇದೆಯಾ, ಅದು ಆನ್ ಇದೆಯಾ?

---

ಸರಳೆ ವರಸೆ, ಚಿಕ್ಕಮಗಳೂರು · ಮಂಗಳವಾರ, ಬೆಳಗ್ಗೆ 9.40

ಆನ್ ಇದೆ. ಅದು ಇಲ್ಲದಿದ್ದರೆ ಶ್ರುತಿ ನಿಲ್ಲುವುದಿಲ್ಲ, ತಂಬೂರದ ನಾದವನ್ನು ಫ್ಯಾನ್ ಸದ್ದು ಅಂದುಕೊಂಡು ಅಳಿಸಿಹಾಕುತ್ತದೆ. ನನ್ನ ಶಿಷ್ಯೆಯೇ ಅದನ್ನು ಹಾಕಿಕೊಟ್ಟಳು.

---

ವೈರ್ ಕೆಲಸ, ಚಿಕ್ಕಮಗಳೂರು · ಮಂಗಳವಾರ, ಬೆಳಗ್ಗೆ 10.05

ಕಾರಣ ಅದೇ. ಅದು ಆನ್ ಆದಾಗ ಸದ್ದನ್ನು ತಿದ್ದುವ ಕೆಲಸವನ್ನು ಜೂಮ್ ನಿಲ್ಲಿಸಿಬಿಡುತ್ತದೆ. ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಅದರ ಕೆಳಗೇ `Echo cancellation` ಅಂತ ಒಂದು ಚೌಕ ಇದೆ. ಅದಕ್ಕೆ ಗುರುತು ಹಾಕಿದರೆ ಕಳೆಯುವ ಕೆಲಸ ಮತ್ತೆ ಶುರುವಾಗುತ್ತದೆ. ಆದರೆ ನೀವೂ ಅವರೂ ಒಟ್ಟಿಗೆ ದನಿ ತೆಗೆದಾಗ ನಿಮ್ಮ ದನಿ ಅಲ್ಲಲ್ಲಿ ಕಿತ್ತುಹೋಗಬಹುದು. ಪಾಠಕ್ಕೆ ಅದು ಒಳ್ಳೆಯದಲ್ಲ. ನೀವು ಇಯರ್‌ಫೋನ್ ಹಾಕಿಕೊಳ್ಳುವುದೇ ವಾಸಿ. ಸ್ಪೀಕರ್‌ನಿಂದ ಸದ್ದೇ ಬರದಿದ್ದರೆ ಮೈಕಿಗೆ ಬೀಳಲು ಏನೂ ಇರುವುದಿಲ್ಲ.

ತಮ್ಮ ಮಾತು ತಮಗೇ ಕೇಳಿಸುತ್ತಿದೆ ಅನ್ನುವವರು ತಮ್ಮ ಕಡೆ ಹುಡುಕುತ್ತಾ ಕೂರುತ್ತಾರೆ. ಬಹುಮಟ್ಟಿಗೆ ತೊಂದರೆ ಇರುವುದು ಎದುರು ಬದಿಯಲ್ಲಿ. ನಿಮ್ಮ ಮಕ್ಕಳಿಗೆ ಕೇಳಿಸುತ್ತಿದೆ, ಅದು ಹುಟ್ಟುತ್ತಿರುವುದು ನಿಮ್ಮ ಮನೆಯಲ್ಲಿ. ಬೆಂಗಳೂರಿನವರಿಗೆ ಕೇಳಿಸುತ್ತಿದೆ, ಹುಟ್ಟುತ್ತಿರುವುದು ಹಾಸನದ ಆ ರೂಮಿನಲ್ಲಿ.

---

ಲೆಕ್ಕದ ಪುಸ್ತಕ, ಹಾಸನ · ಮಂಗಳವಾರ, ರಾತ್ರಿ 9.00

ಇವತ್ತು ಕೆಲಸ ಮುಗಿದ ಮೇಲೆ ಕೂತು ಒಂದೊಂದಾಗಿ ಮಾಡಿ ನೋಡಿದೆವು. ಫ್ರೀ ಖಾತೆಯಲ್ಲಿ 40 ನಿಮಿಷ ಸಿಗುತ್ತದೆ, ಅಷ್ಟು ಸಾಕಾಯಿತು. ಅಕ್ಕ ಅರಸೀಕೆರೆಯಿಂದ ಕೇಳಿ ಹೇಳಿದಳು. ಪ್ರತಿ ಸಲ ನಾನು ಒಂದರಿಂದ ಹತ್ತು ಎಣಿಸಿದೆ, ಆಮೇಲೆ ಅಕ್ಕ ಎಣಿಸಿದಳು.

ಮೊದಲು ಎರಡೂ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಆನ್. ನಾನು ಮೂರು ಅನ್ನುವ ಹೊತ್ತಿಗೆ ಕುಯ್. ನಿಲ್ಲಿಸಿದೆವು.

ಎರಡನೇ ಸಲ ಅವರ ಮೈಕ್ ಮಾತ್ರ ಮ್ಯೂಟ್, ಎರಡೂ ಸ್ಪೀಕರ್ ಆನ್. ನನ್ನ "ಒಂದು" ಅಕ್ಕನಿಗೆ ಮೂರು ಸಲ ಕೇಳಿಸಿತು. ಅಕ್ಕನ ಎಣಿಕೆಯೂ ಅವಳಿಗೆ ತಿರುಗಿ ಹೋಯಿತು. ಆಮೇಲೆ ನನ್ನ ಸ್ಪೀಕರ್ ಸೊನ್ನೆಗೆ ತಂದೆ. ಅಂದರೆ ನಾವು ಎರಡು ತಿಂಗಳಿಂದ ಮಾಡುತ್ತಿದ್ದ ಜೋಡಿ. ಏನೂ ವ್ಯತ್ಯಾಸ ಇಲ್ಲ, ಅದೇ ಮೂರು ಸಲ.

ಆಮೇಲೆ ನೀವು ಹೇಳಿದ ಹಾಗೆ ಅವರ ಲ್ಯಾಪ್‌ಟಾಪ್‌ನಲ್ಲಿ `Leave Computer Audio` ಒತ್ತಿದೆವು, ನನ್ನದರಲ್ಲಿ ಎರಡೂ ಆನ್ ಮಾಡಿದೆವು. ನಾನು ಹತ್ತರವರೆಗೆ ಎಣಿಸಿದೆ. ಅಕ್ಕ ಸುಮ್ಮನಿದ್ದಳು. "ಏನಾಯಿತೇ?" ಅಂದೆ. "ಏನೂ ಇಲ್ಲ, ಚೆನ್ನಾಗಿ ಕೇಳಿಸುತ್ತಿದೆ" ಅಂದಳು. ಅವಳ ದನಿಯೂ ಅವಳಿಗೆ ತಿರುಗಿ ಹೋಗಲಿಲ್ಲ. ಎರಡು ತಿಂಗಳ ಮೇಲೆ ಮೊದಲ ಸಲ! ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು ಸರ್.

ಇನ್ನು ಎರಡು ತೊಡಕು ಉಳಿದಿವೆ. ನನ್ನ ಜೊತೆಯವರದು ಮೆತ್ತಗಿನ ದನಿ. ನಾಲ್ಕು ಅಡಿ ಆಚೆಯಿಂದ ಮಾತಾಡಿದರೆ ಬಾವಿಯೊಳಗಿಂದ ಬಂದ ಹಾಗೆ ಇದೆ ಅಂತ ಅಕ್ಕ ಹೇಳುತ್ತಾಳೆ. ಎರಡನೆಯದು, ಅವರು ಮಾತಾಡಿದಾಗ ನನ್ನ ಹೆಸರಿನ ಚೌಕ ಹೊಳೆಯುತ್ತದೆ. ಅವರ ಲೆಕ್ಕಕ್ಕೆ ನನ್ನ ಹೆಸರು ಬರುವುದು ನನಗೆ ಸರಿ ಅನಿಸುವುದಿಲ್ಲ.

---

ವೈರ್ ಕೆಲಸ, ಚಿಕ್ಕಮಗಳೂರು · ಮಂಗಳವಾರ, ರಾತ್ರಿ 9.50

ಬಹಳ ಖುಷಿ ಆಯಿತು ಮೇಡಂ. ಪರೀಕ್ಷೆ ಮಾಡುವುದಿದ್ದರೆ ನೀವು ಮಾಡಿದ ಹಾಗೇ ಮಾಡಬೇಕು, ಒಂದು ಸಲಕ್ಕೆ ಒಂದೇ ಬದಲಾವಣೆ.

ಬಾವಿಯ ದನಿ ಬೇರೆ ವಿಷಯ. ಅದು ನೆಟ್ ಸುತ್ತಿ ಬಂದದ್ದಲ್ಲ. ಅವರ ಮಾತು ಟೈಲ್ಸ್‌ಗೂ ಗೋಡೆಗೂ ಬಡಿದು ಮೈಕಿಗೆ ಬರುತ್ತಿದೆ. ಬಾಯಿ ಮೈಕಿಗೆ ದೂರ ಇದ್ದಷ್ಟೂ ಗೋಡೆಯ ಪಾಲು ಜಾಸ್ತಿ. ಇಬ್ಬರೂ ಅಕ್ಕಪಕ್ಕ ಕೂತು ಲ್ಯಾಪ್‌ಟಾಪನ್ನು ನಡುವೆ ಇಡಿ, ಇಬ್ಬರಿಗೂ ಒಂದೂವರೆ, ಎರಡು ಅಡಿಯಲ್ಲಿ ಸಿಗಲಿ. ನೆಲಕ್ಕೆ ಒಂದು ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಿ. ಮೂಲೆಯಲ್ಲಿ ಕಾಫಿ ಬೀಜ ತುಂಬಿದ ಚೀಲಗಳು ಇದ್ದರೆ ಅಲ್ಲೇ ಇರಲಿ, ಗೋಣಿ ಸದ್ದನ್ನು ಸ್ವಲ್ಪ ಹೀರುತ್ತದೆ.

ಕೈಯಲ್ಲಿ ದುಡ್ಡಿದ್ದರೆ ಮೇಜಿನ ನಡುವೆ ಇಡುವ ಯುಎಸ್‌ಬಿ ಸ್ಪೀಕರ್‌ಫೋನ್ ಸಿಗುತ್ತದೆ. ಮೈಕ್, ಸ್ಪೀಕರ್ ಎರಡೂ ಒಂದೇ ಡಬ್ಬಿಯಲ್ಲಿ, ಕಳೆಯುವ ಲೆಕ್ಕವೂ ಅದರೊಳಗೇ. ನಿಮ್ಮ ರೂಮಿಗೆ ಸಣ್ಣದು ಧಾರಾಳ ಸಾಕು.

---

ಹೊಳೆನರಸೀಪುರದ ಹುಡುಗ · ಬುಧವಾರ, ಬೆಳಗ್ಗೆ 8.30

ಇಷ್ಟೆಲ್ಲ ಯಾಕೆ? ಇಬ್ಬರೂ ಒಂದೊಂದು ಹೆಡ್‌ಫೋನ್ ಹಾಕಿಕೊಂಡರೆ ಮುಗಿಯಿತು. ಹೆಸರಿನ ಚೌಕವೂ ಸರಿಯಾಗಿ ಹೊಳೆಯುತ್ತದೆ. ನಾನೂ ನನ್ನ ಅಣ್ಣನೂ ಮನೆಯಿಂದ ಹಾಗೇ ಕೆಲಸ ಮಾಡುತ್ತೇವೆ.

---

ವೈರ್ ಕೆಲಸ, ಚಿಕ್ಕಮಗಳೂರು · ಬುಧವಾರ, ಬೆಳಗ್ಗೆ 10.20

ಕುಯ್ ಅನ್ನುವುದು ನಿಲ್ಲುತ್ತದೆ, ಅದು ನಿಜ. ಸ್ಪೀಕರ್ ಇಲ್ಲ, ಸುತ್ತು ಇಲ್ಲ. ಆದರೆ ಇಬ್ಬರ ಮೈಕೂ ಆನ್ ಇದ್ದರೆ ನಿಮ್ಮ ಮಾತು ಎರಡು ಮೈಕಿಗೂ ಬೀಳುತ್ತದೆ, ಎರಡು ಬೇರೆ ಬೇರೆ ಹೊತ್ತಿಗೆ ಎದುರಿನವರಿಗೆ ತಲುಪುತ್ತದೆ. ದನಿ ಜೋಡಿ ಜೋಡಿ ಆಗುತ್ತದೆ. ಅಷ್ಟೇ ಅಲ್ಲ, ನಿಮ್ಮ ಅಣ್ಣನ ಮೈಕ್ ಹಿಡಿದ ನಿಮ್ಮ ದನಿ ನಿಮ್ಮ ಕಿವಿಗೇ ಕಾಲು ಸೆಕೆಂಡ್ ತಡವಾಗಿ ಬರುತ್ತದೆ. ಅದು ಕೇಳಿಸಿದರೆ ಎಂಥವರ ನಾಲಿಗೆಯೂ ತೊಡರುತ್ತದೆ.

ಹೆಡ್‌ಫೋನ್ ದಾರಿಗೆ ಒಂದು ಶಿಸ್ತು ಬೇಕು. ಮಾತಾಡುವವರ ಮೈಕ್ ಮಾತ್ರ ಆನ್, ಇನ್ನೊಬ್ಬರದು ಮ್ಯೂಟ್. ಜೂಮ್‌ನಲ್ಲಿ ಮ್ಯೂಟ್ ಇದ್ದಾಗ ಸ್ಪೇಸ್ ಬಾರ್ ಒತ್ತಿ ಹಿಡಿದಷ್ಟು ಹೊತ್ತು ಮೈಕ್ ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ಇಬ್ಬರೂ ಇದನ್ನು ರೂಢಿ ಮಾಡಿಕೊಂಡರೆ ಮೇಡಂ ಕೇಳಿದ ಹೆಸರಿನ ತೊಡಕೂ ಬಗೆಹರಿಯುತ್ತದೆ.

---

ಹೊಳೆನರಸೀಪುರದ ಹುಡುಗ · ಬುಧವಾರ, ಬೆಳಗ್ಗೆ 10.45

ಹೌದು, ನೀವು ಹೇಳಿದ ಮೇಲೆ ನೆನಪಾಯಿತು. ನಮ್ಮಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಮ್ಯೂಟ್‌ನಲ್ಲೇ ಇರುತ್ತೇವೆ. ಅದಕ್ಕೇ ಇಷ್ಟು ದಿನ ಗೊತ್ತಾಗಿರಲಿಲ್ಲ.

ಆದರೆ ಒಂದು ಸಲ ಅಣ್ಣ ಟೀ ತರಲು ಎದ್ದಾಗ ಅವನ ಹೆಡ್‌ಫೋನ್ ಪಿನ್ ಕಿತ್ತು ಬಂತು. ಅವನ ಲ್ಯಾಪ್‌ಟಾಪ್ ಸ್ಪೀಕರ್ ಫುಲ್ ವಾಲ್ಯೂಮ್‌ನಲ್ಲಿ ಶುರುವಾಯಿತು. ನನ್ನ ಮೈಕ್ ಆನ್ ಇತ್ತು. ಮೀಟಿಂಗ್‌ನಲ್ಲಿ ಇಪ್ಪತ್ತು ಜನ ಇದ್ದರು. ಹೆಡ್‌ಫೋನ್ ವಾಲ್ಯೂಮ್ ಕಡಿಮೆ ಇಟ್ಟಿದ್ದ, ಸ್ಪೀಕರ್ ಹೇಗೆ ಫುಲ್ ಆಯಿತೋ ತಿಳಿಯಲಿಲ್ಲ.

---

ವೈರ್ ಕೆಲಸ, ಚಿಕ್ಕಮಗಳೂರು · ಬುಧವಾರ, ಮಧ್ಯಾಹ್ನ 1.10

ವಿಂಡೋಸ್ ಹೆಡ್‌ಫೋನ್‌ಗೆ ಒಂದು ವಾಲ್ಯೂಮ್, ಸ್ಪೀಕರ್‌ಗೆ ಇನ್ನೊಂದು ಅಂತ ಬೇರೆ ಬೇರೆ ನೆನಪಿಟ್ಟುಕೊಳ್ಳುತ್ತದೆ. ಹಿಂದಿನ ಸಲ ಸ್ಪೀಕರ್ ಎಷ್ಟಿತ್ತೋ ಅಷ್ಟಕ್ಕೇ ಹೋಗುತ್ತದೆ. ಮೀಟಿಂಗ್‌ಗೆ ಮೊದಲು ಪಿನ್ ಕಿತ್ತು, ಸ್ಪೀಕರನ್ನು ಸೊನ್ನೆಗೆ ಇಳಿಸಿ, ಆಮೇಲೆ ಪಿನ್ ಹಾಕಿ.

---

ಬೇಲೂರು ಮೇಷ್ಟ್ರು · ಬುಧವಾರ, ಸಂಜೆ 6.00

ನಮ್ಮ ಟ್ರೇನಿಂಗ್ ಎಲ್ಲ ಗೂಗಲ್ ಮೀಟ್‌ನಲ್ಲಿ ನಡೆಯುತ್ತದೆ. ಅಲ್ಲಿ `Leave Computer Audio` ಹುಡುಕಿದೆ, ಸಿಗಲಿಲ್ಲ.

---

ವೈರ್ ಕೆಲಸ, ಚಿಕ್ಕಮಗಳೂರು · ಬುಧವಾರ, ರಾತ್ರಿ 8.15

ಮೀಟ್‌ನಲ್ಲಿ ಅದರ ಬದಲು ಕಂಪ್ಯಾನಿಯನ್ ಮೋಡ್ ಇದೆ ಮೇಷ್ಟ್ರೇ. ಎರಡನೇ ಲ್ಯಾಪ್‌ಟಾಪ್‌ನಲ್ಲಿ `g.co/companion` ಅಂತ ಟೈಪ್ ಮಾಡಿ ಮೀಟಿಂಗ್ ಕೋಡ್ ಹಾಕಿ. ಮೈಕೂ ಇಲ್ಲ, ಸ್ಪೀಕರೂ ಇಲ್ಲದೆ ಒಳಗೆ ಸೇರುತ್ತೀರಿ. ಕೈ ಎತ್ತಬಹುದು, ಚಾಟ್ ಮಾಡಬಹುದು, ಸ್ಕ್ರೀನ್ ತೋರಿಸಬಹುದು.

2024ರಲ್ಲಿ ಮೀಟ್‌ಗೆ ಅಡಾಪ್ಟಿವ್ ಆಡಿಯೋ ಅಂತ ಒಂದು ಬಂದಿದೆ. ಒಂದೇ ರೂಮಿನಲ್ಲಿ ಹಲವು ಲ್ಯಾಪ್‌ಟಾಪ್ ಇದ್ದರೆ ಅದೇ ಗುರುತು ಹಿಡಿದು, ಎಲ್ಲ ಮೈಕ್ ಸ್ಪೀಕರ್‌ಗಳನ್ನು ಒಂದಕ್ಕೊಂದು ಹೊಂದಿಸುತ್ತದೆ. ದುಡ್ಡು ಕೊಡುವ ಕೆಲವು ವರ್ಕ್‌ಸ್ಪೇಸ್ ಖಾತೆಗಳಿಗೆ ಮಾತ್ರ ಸಿಗುತ್ತದೆ.

---

ಸರಳೆ ವರಸೆ, ಚಿಕ್ಕಮಗಳೂರು · ಗುರುವಾರ, ಬೆಳಗ್ಗೆ 7.10

ಇಯರ್‌ಫೋನ್ ಹಾಕಿಕೊಂಡು ನಿನ್ನೆ ಪಾಠ ಮಾಡಿದೆ. ಮಕ್ಕಳಿಗೆ ಅವರ ಹಾಡು ತಿರುಗಿ ಬರಲಿಲ್ಲ. ತುಂಬಾ ಸಂತೋಷವಾಯಿತು ಮಗೂ.

ಆದರೆ ನನ್ನ ಶಿಷ್ಯೆಯೂ ಪಕ್ಕದಲ್ಲಿ ಕೂತು ಜೊತೆಗೆ ಹಾಡುತ್ತಾಳೆ. ಅವಳಿಗೆ ಮಕ್ಕಳ ಹಾಡು ಕೇಳಿಸುವುದಿಲ್ಲವಲ್ಲ. ಅವಳು ತನ್ನ ಮೊಬೈಲ್‌ನಲ್ಲಿ ಇಯರ್‌ಫೋನ್ ಹಾಕಿ ಸೇರಿಕೊಂಡಳು, ಮೈಕ್ ಮ್ಯೂಟ್. ಅವಳಿಗೆ ನನ್ನ ಹಾಡು ಪಕ್ಕದಿಂದ ಒಂದು ಸಲ, ಇಯರ್‌ಫೋನ್‌ನಲ್ಲಿ ತಡವಾಗಿ ಇನ್ನೊಂದು ಸಲ. ಶ್ರುತಿ ಸೇರಿಸುವುದೇ ಕಷ್ಟವಾಯಿತು.

---

ಮೈಕ್‌ಸೆಟ್, ಅರಸೀಕೆರೆ · ಗುರುವಾರ, ಬೆಳಗ್ಗೆ 9.00

ಅಮ್ಮ, ಎರಡನೇ ಫೋನ್ ಬೇಡ. ಒಂದು ಪಿನ್ನನ್ನು ಎರಡು ಮಾಡುವ ಸ್ಪ್ಲಿಟರ್ ಅಂಗಡಿಯಲ್ಲಿ ಸಿಗುತ್ತದೆ. ಒಂದೇ ಲ್ಯಾಪ್‌ಟಾಪಿಗೆ ಹಾಕಿ ಇಬ್ಬರೂ ಒಂದೊಂದು ಹೆಡ್‌ಫೋನ್ ಹಾಕಿಕೊಳ್ಳಿ. ಸರ್ವರ್ ನಿಮ್ಮ ದನಿ ನಿಮಗೆ ಕಳಿಸುವುದಿಲ್ಲ ಅಂತ ತಮ್ಮ ಹೇಳಿದನಲ್ಲ, ಹಾಗಾಗಿ ಇಬ್ಬರಿಗೂ ಮಕ್ಕಳ ಹಾಡು ಮಾತ್ರ ಬರುತ್ತದೆ.

---

ವೈರ್ ಕೆಲಸ, ಚಿಕ್ಕಮಗಳೂರು · ಗುರುವಾರ, ಬೆಳಗ್ಗೆ 9.25

ಅಣ್ಣ ಹೇಳಿದ್ದು ಪೂರ್ತಿ ಸರಿ. ಹೆಡ್‌ಫೋನ್‌ನ ಮೈಕನ್ನು ನಂಬಬೇಡಿ, ಸಾಧಾರಣ ಸ್ಪ್ಲಿಟರ್‌ನಲ್ಲಿ ಅದು ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಲ್ಯಾಪ್‌ಟಾಪಿನ ಮೈಕನ್ನೇ ಆರಿಸಿ. ಮಕ್ಕಳ ಜೊತೆ ಏಕಕಾಲಕ್ಕೆ ಹಾಡಲು ಮಾತ್ರ ಇದರಿಂದ ಆಗುವುದಿಲ್ಲ. ನೆಟ್‌ನ ತಡ ಅಲ್ಲಿ ಇದ್ದೇ ಇರುತ್ತದೆ.

---

ಮೂಡಿಗೆರೆ ಮಳೆ · ಗುರುವಾರ, ಮಧ್ಯಾಹ್ನ 12.40

ನನ್ನ ಅಂದಾಜು ತಪ್ಪಾಗಿತ್ತು, ಈಗ ಗೊತ್ತಾಯಿತು. ನೆಟ್ ಸ್ಲೋ ಆದರೆ ಮಾತು ಕಿತ್ತುಹೋಗುತ್ತದೆ, ತಿರುಗಿ ಬರುವುದಿಲ್ಲ ಅಲ್ವಾ? ಹಾಗಾದರೆ ನಮ್ಮಲ್ಲಿ ಒಂದೇ ಪದ ಎರಡು ಸಲ ಕೇಳಿಸುತ್ತಿದ್ದದ್ದು ಏನು? ನಾನು ಮನೆಯಲ್ಲಿ ಒಬ್ಬನೇ ಸೇರುತ್ತೇನೆ.

---

ಲೆಕ್ಕದ ಪುಸ್ತಕ, ಹಾಸನ · ಮುಂದಿನ ಸೋಮವಾರ, ಮಧ್ಯಾಹ್ನ 12.15

ಇವತ್ತಿನ ಮೀಟಿಂಗ್ ಮುಗಿಯಿತು. ಬಾಕಿ ಪಟ್ಟಿ ಪೂರ್ತಿ ಓದಿದೆ, ಯಾರೂ ನಿಲ್ಲಿಸಿ ಅನ್ನಲಿಲ್ಲ. ಹಳೆಯ ವೈರ್ ಸ್ಪೀಕರ್ ಒಂದು ಮನೆಯಲ್ಲಿತ್ತು, ಅದನ್ನೇ ನನ್ನ ಲ್ಯಾಪ್‌ಟಾಪಿಗೆ ಹಾಕಿದ್ದೇವೆ. ನನ್ನ ಜೊತೆಯವರು ಆಡಿಯೋ ಬಿಟ್ಟೇ ಸೇರುತ್ತಾರೆ.

ನನ್ನ ಹೆಸರನ್ನು "ಹಾಸನ ಆಫೀಸ್, ಇಬ್ಬರು" ಅಂತ ಬದಲಿಸೋಣ ಅಂದುಕೊಂಡೆ. ಹಾಜರಿಗೆ ಹೆಸರು ಹಾಗೇ ಇರಬೇಕು ಅಂದರು. ಹಾಗಾಗಿ ಈಗ ನನ್ನ ಜೊತೆಯವರು ಮಾತು ಶುರು ಮಾಡುವಾಗ ಮೊದಲು ತಮ್ಮ ಹೆಸರು ಹೇಳುತ್ತಾರೆ. ಸ್ಪೇಸ್ ಬಾರ್ ಮತ್ತು ಹೆಡ್‌ಫೋನ್ ದಾರಿಯನ್ನು ಮುಂದಿನ ವಾರ ಮಾಡಿ ನೋಡುತ್ತೇವೆ. ಅವರಿಗೆ ಒಂದು ಗಂಟೆ ಹೆಡ್‌ಫೋನ್ ಹಾಕಿದರೆ ತಲೆನೋವು ಬರುತ್ತದೆ, ಅದೊಂದು ನೋಡಬೇಕು.

ಮೂಡಿಗೆರೆ ಸರ್, ಮುಂದಿನ ಸಲ ಹಾಗಾದಾಗ ಮೀಟಿಂಗ್‌ನ ಉಳಿದವರಿಗೂ ಹಾಗೇ ಕೇಳಿಸುತ್ತಿದೆಯಾ ಅಂತ ಕೇಳಿ ಇಲ್ಲಿ ಬರೆಯಿರಿ. ಎಲ್ಲರಿಗೂ ಕೇಳಿಸುತ್ತಿದ್ದರೆ ಮಾತಾಡುವವರ ಕಡೆ ಎರಡು ಮೈಕ್ ಇರಬಹುದು.